ಜುಂ ಅಂದರೆ ಒಳ್ಳೆಯದು, ಚಳಿ ಹಿಡಿದರೆ ಹೊರಡಿ: ಡಯಾಲಿಸಿಸ್ ಹಾಳೆಯನ್ನು ಕನ್ನಡಕ್ಕೆ ತರುವಾಗ

(ಡಯಾಲಿಸಿಸ್ ಘಟಕಗಳ ನರ್ಸುಗಳು, ಟೆಕ್ನಿಷಿಯನ್‌ಗಳು ಮತ್ತು ಅನುವಾದಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನಾನು ಮಾತಾಡಲು ಹೊರಟಿರುವುದು ಒಂದು ಹಾಳೆಯ ಬಗ್ಗೆ. ಡಯಾಲಿಸಿಸ್ ಶುರುವಾದವರನ್ನು ಮನೆಗೆ ಕಳಿಸುವಾಗ ಕೈಗೆ ಕೊಡುತ್ತೀರಲ್ಲ, ಆ ಹಾಳೆ. ಬಹಳ ಕಡೆ ಅದು ಇಂಗ್ಲಿಷಿನಲ್ಲೇ ಇರುತ್ತದೆ. ಕನ್ನಡದಲ್ಲಿ ಇರುವ ಕಡೆ, ಓದಿದವರಿಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಈ ಎರಡನೆಯದ್ದೇ ನನ್ನ ವಿಷಯ.

ಒಬ್ಬ ರೋಗಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳೋಣ. ಹಿರಿಯೂರಿನ ಕಡೆಯ ಒಂದು ಹಳ್ಳಿ, 58 ವರ್ಷದ ರೈತ ಅಂದುಕೊಳ್ಳಿ. ತುಂಬಾ ವರ್ಷದಿಂದ ಸಕ್ಕರೆ ಕಾಯಿಲೆ, ಕಣ್ಣು ಸ್ವಲ್ಪ ಮಂಜು. ಒಂದು ದಿನ ಉಸಿರು ಕಟ್ಟಿ ಆಸ್ಪತ್ರೆಗೆ ಬಂದರು, ಕಿಡ್ನಿ ಕೆಲಸ ನಿಲ್ಲಿಸಿತ್ತು. ಅವತ್ತೇ ಡಯಾಲಿಸಿಸ್ ಆಗಬೇಕಿತ್ತು, ಹಾಗಾಗಿ ರಕ್ತ ಎಳೆಯಲು ಕುತ್ತಿಗೆಗೆ ಒಂದು ಪೈಪು ಹಾಕಿದರು, ಹಾಳೆಯ ಭಾಷೆಯಲ್ಲಿ ಕ್ಯಾತಿಟರ್, ನಮ್ಮ ಮಾತಿನಲ್ಲಿ ಲೈನ್. ಕೆಲವು ದಿನ ಬಿಟ್ಟು ಎಡಗೈ ಮಣಿಕಟ್ಟಿನ ಹತ್ತಿರ ಫಿಸ್ಟುಲಾ ಮಾಡಿದರು.

ಫಿಸ್ಟುಲಾ ಅಂದರೆ ಹೃದಯದಿಂದ ರಭಸವಾಗಿ ರಕ್ತ ತರುವ ನಾಳವನ್ನು ಪಕ್ಕದಲ್ಲೇ ಇರುವ, ರಕ್ತ ವಾಪಸ್ ಒಯ್ಯುವ ಮೆತ್ತನೆಯ ನರಕ್ಕೆ ಜೋಡಿಸುವ ಆಪರೇಷನ್. ಆ ರಭಸಕ್ಕೆ ನರ ಹಿಗ್ಗಿ ದಪ್ಪವಾಗುತ್ತದೆ, ಸೂಜಿ ಚುಚ್ಚಲು ಅನುಕೂಲವಾಗುತ್ತದೆ. 1966ರಿಂದ ಜಗತ್ತು ಬಳಸುತ್ತಿರುವ ವಿಧಾನ ಇದು, ಇವತ್ತಿಗೂ ಇದಕ್ಕೇ ಮೊದಲ ಆಯ್ಕೆ. ಆದರೆ ನರ ಹದಕ್ಕೆ ಬರಲು ಆರೆಂಟು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಅಲ್ಲಿಯವರೆಗೆ ಡಯಾಲಿಸಿಸ್ ಕುತ್ತಿಗೆಯ ಲೈನಿನಿಂದಲೇ ನಡೆಯಬೇಕು.

ಅಂದರೆ ಈ ಮನುಷ್ಯನ ಮೈಮೇಲೆ ಒಂದೇ ಸಮಯಕ್ಕೆ ಎರಡೂ ಇವೆ. ಮನೆಗೆ ಎರಡು ಹಾಳೆ ಹೋಗುತ್ತವೆ, ಕೈಯದ್ದೊಂದು, ಕುತ್ತಿಗೆಯದ್ದೊಂದು. ಎರಡನ್ನೂ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಅನುವಾದ ಮಾಡಿರುತ್ತಾರೆ. ತೊಂದರೆ ಶುರುವಾಗುವುದು ಇಲ್ಲೇ.

ಕೈಯ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ‘ಥ್ರಿಲ್’ ಅಂತ ಒಂದು ಮಾತಿದೆ. ಜೋಡಿಸಿದ ಜಾಗದ ಮೇಲೆ ಬೆರಳಿಟ್ಟರೆ ಒಳಗೆ ಜುಂ ಅಂತ ಹರಿಯುವುದು ತಿಳಿಯುತ್ತದಲ್ಲ, ಅದು. ಒಬ್ಬ ಅನುವಾದಕರು ಅದಕ್ಕೆ ‘ಕಂಪನ’ ಅಂತ ಹಾಕುತ್ತಾರೆ. ಕಂಪನ ಅಂದರೆ ನಮ್ಮ ರೈತರಿಗೆ ಭೂಕಂಪ ನೆನಪಾಗಬಹುದು ಅಷ್ಟೆ. ಇನ್ನೊಬ್ಬರು ಸುಲಭ ಮಾಡೋಣ ಅಂತ ‘ನಡುಕ’ ಹಾಕುತ್ತಾರೆ. ‘ಪ್ರತಿದಿನ ಕೈಯಲ್ಲಿ ನಡುಕ ಇದೆಯೇ ಪರೀಕ್ಷಿಸಿ. ನಡುಕ ಇದ್ದರೆ ಫಿಸ್ಟುಲಾ ಚೆನ್ನಾಗಿದೆ.’

ಈಗ ಕುತ್ತಿಗೆಯ ಹಾಳೆ ತೆಗೆಯಿರಿ. ಲೈನಿಗೆ ಸೋಂಕು ತಗುಲಿದರೆ ಮೊದಲ ಗುರುತು ಚಳಿ, ಜ್ವರ, ಮೈ ನಡುಗುವುದು. ಅಲ್ಲಿ ಬರೆದಿರುತ್ತದೆ: ‘ನಡುಕ ಬಂದರೆ ತಕ್ಷಣ ಆಸ್ಪತ್ರೆಗೆ ಬನ್ನಿ.’

ಒಂದು ಹಾಳೆ ನಡುಕ ಇರಲಿ ಅನ್ನುತ್ತದೆ, ಇನ್ನೊಂದು ನಡುಕ ಬಂದರೆ ಓಡಿ ಬಾ ಅನ್ನುತ್ತದೆ. ಬಿಡಿಬಿಡಿಯಾಗಿ ಓದಿದರೆ ಎರಡರಲ್ಲೂ ತಪ್ಪು ಕಾಣುವುದಿಲ್ಲ. ಒಂದೇ ಮನೆಯ ಒಂದೇ ಗೋಡೆಗೆ ಎರಡನ್ನೂ ಅಂಟಿಸಿದಾಗ ಕಾಣುತ್ತದೆ. ಸಕ್ಕರೆ ಕಾಯಿಲೆ ಇರುವ ಮನುಷ್ಯನಿಗೆ ಲೈನಿನಿಂದ ರಕ್ತಕ್ಕೆ ಸೋಂಕು ಹತ್ತಿ, ಚಳಿಯಲ್ಲಿ ಕೈ ನಡುಗುತ್ತಿದ್ದರೆ, ಮಗ ಹಾಳೆ ನೋಡಿ ‘ನಡುಕ ಇರಬೇಕಂತಪ್ಪ, ಪರವಾಗಿಲ್ಲ’ ಅಂದುಬಿಟ್ಟರೆ? ರಕ್ತದ ಸೋಂಕು ಒಂದು ರಾತ್ರಿ ಕಾಯಿಸಿದರೂ ಜೀವಕ್ಕೇ ಬರುತ್ತದೆ.

ಹಾಗಾದರೆ ಥ್ರಿಲ್‌ಗೆ ಏನು ಹೇಳಬೇಕು? ನೀವು ಘಟಕದಲ್ಲಿ ಸುಮ್ನೆ ಕಿವಿಗೊಟ್ಟು ಕೂತರೆ ರೋಗಿಗಳೇ ಹೇಳಿಕೊಡುತ್ತಾರೆ. ‘ಸಿಸ್ಟರ್, ಇವತ್ತು ಯಾಕೋ ಜುಂ ಅಂತಿಲ್ಲ’ ಅನ್ನುತ್ತಾರೆ. ನಾನು ‘ಜುಂ’ ಅಂತಲೇ ಬರೆಯುತ್ತೇನೆ. ಓದಿಕೊಂಡವರಿಗೆ ಹಾಳೆಯಲ್ಲಿ ‘ಜುಂ’ ಅಂತಿದ್ದರೆ ಮುಜುಗರ, ಗೊತ್ತು. ಆದರೆ ಹಾಳೆ ಅವರಿಗಲ್ಲವಲ್ಲ. ಅದರ ಜೊತೆಗೆ ಹೇಗೆ ಗೊತ್ತಾಗುತ್ತದೆ ಅನ್ನುವುದನ್ನೂ ಬರೆಯಬೇಕು: ‘ಮೊಬೈಲನ್ನು ವೈಬ್ರೇಟ್‌ನಲ್ಲಿಟ್ಟು ಕೈಯಲ್ಲಿ ಹಿಡಿದ ಹಾಗೆ ಅನಿಸುತ್ತದೆ. ಬಿಟ್ಟು ಬಿಟ್ಟು ಬರುವುದಿಲ್ಲ, ಒಂದೇ ಸಮನೆ ಇರುತ್ತದೆ.’

ಆ ‘ಒಂದೇ ಸಮನೆ’ ಅನ್ನುವುದನ್ನು ಬಿಡಬಾರದು. ಮನೆಯವರು ಬೆರಳಿಟ್ಟಾಗ ಟಕ್ ಟಕ್ ಅಂತ ಬಡಿತ ಸಿಕ್ಕರೂ ‘ಹಾಂ, ಇದೆ’ ಅನ್ನುತ್ತಾರೆ. ಅದು ನಾಡಿ. ಜುಂ ಹೋಗಿ ಬರೀ ಬಡಿತ ಉಳಿದಿದ್ದರೆ, ಮುಂದೆ ಎಲ್ಲೋ ನರ ಕಿರಿದಾಗಿದೆ ಅಥವಾ ಹೆಪ್ಪುಗಟ್ಟುತ್ತಿದೆ ಅಂತ ಅರ್ಥ ಇರಬಹುದು. ಮೂಲ ಹಾಳೆಗಳಲ್ಲಿ ಈ ವ್ಯತ್ಯಾಸ ಬಹಳ ಸಲ ಇರುವುದೇ ಇಲ್ಲ. ಯಾಕೆಂದರೆ ಅಲ್ಲಿ ನರ್ಸ್ ಪಕ್ಕದಲ್ಲಿ ಕೂತು ತೋರಿಸುತ್ತಾರೆ ಅಂತ ಲೆಕ್ಕ. ನಮ್ಮಲ್ಲಿ ಮೂರು ಪಾಳಿ, ತುಂಬಿದ ಬೆಡ್ಡು. ತೋರಿಸಿದ್ದರೂ ಅವಸರದಲ್ಲಿ ತೋರಿಸಿರುತ್ತೇವೆ.

ಮುಂದಿನ ಸಾಲಿಗೆ ಬರೋಣ. ಜುಂ ಇಲ್ಲದಿದ್ದರೆ ಏನು ಮಾಡಬೇಕು? ಇಂಗ್ಲಿಷ್ ಹಾಳೆ ಕೂಡಲೇ ಘಟಕವನ್ನು ಸಂಪರ್ಕಿಸಿ ಅನ್ನುತ್ತದೆ, ಕನ್ನಡದ್ದೂ ‘ತಕ್ಷಣ ಸಂಪರ್ಕಿಸಿ’ ಅನ್ನುತ್ತದೆ. ನಮ್ಮ ರೈತರು ಶನಿವಾರ ಸಂಜೆ ಡಯಾಲಿಸಿಸ್ ಮುಗಿಸಿ ಮನೆಗೆ ಹೋಗಿದ್ದಾರೆ. ನೀರು ಜಾಸ್ತಿ ತೆಗೆದಿದ್ದಾರೆ, ಬಿಪಿ ಇಳಿದಿದೆ. ಬಿಪಿ ಇಳಿದಾಗ ಫಿಸ್ಟುಲಾದಲ್ಲಿ ರಕ್ತದ ಓಟ ನಿಧಾನ, ಹೆಪ್ಪುಗಟ್ಟುವುದು ಇಂಥ ಹೊತ್ತಿನಲ್ಲೇ. ವಾಂತಿ ಭೇದಿ ಆದಾಗಲೂ ಅಷ್ಟೆ. ಭಾನುವಾರ ಬೆಳಿಗ್ಗೆ ಬೆರಳಿಟ್ಟರೆ ಜುಂ ಇಲ್ಲ. ನೋವೂ ಅಷ್ಟಿಲ್ಲ, ಊತವೂ ಇಲ್ಲ. ಹೇಗೂ ಮಂಗಳವಾರ ಡಯಾಲಿಸಿಸ್‌ಗೆ ಹೋಗುವುದಿದೆಯಲ್ಲ, ಆಗಲೇ ಹೇಳಿದರಾಯಿತು. ಅದರ ಮೇಲೆ ಫಿಸ್ಟುಲಾ ಇನ್ನೂ ಬಳಸುತ್ತಿಲ್ಲ, ಡಯಾಲಿಸಿಸ್ ನಡೆಯುತ್ತಿರುವುದು ಕುತ್ತಿಗೆಯಿಂದ. ಆ ಮನೆಯಲ್ಲಿ ಯಾರೂ ಉಡಾಫೆ ಮಾಡುತ್ತಿಲ್ಲ. ಅವರ ಲೆಕ್ಕದಲ್ಲಿ ಇದೇ ‘ತಕ್ಷಣ’.

ಹೆಪ್ಪು ಹೊಸದಿದ್ದಾಗ ಅದನ್ನು ತೆಗೆದು ಫಿಸ್ಟುಲಾ ಉಳಿಸುವ ಅವಕಾಶ ಇರುತ್ತದೆ. ಮಂಗಳವಾರದ ಹೊತ್ತಿಗೆ ಅದು ಬಹಳ ಕಡಿಮೆಯಾಗಿರುತ್ತದೆ. ಆಮೇಲೆ ಮತ್ತೆ ಆಪರೇಷನ್, ಮತ್ತೆ ಆರೆಂಟು ವಾರ, ಅಷ್ಟು ದಿನವೂ ಕುತ್ತಿಗೆಯಲ್ಲಿ ಲೈನ್. ಹಾಗಾಗಿ ನಾನು ಈ ಸಾಲನ್ನು ಹೀಗೆ ಬರೆಯುತ್ತೇನೆ:

‘ಬೆಳಿಗ್ಗೆ ಎದ್ದ ಮೇಲೆ ಒಂದು ಸಲ, ರಾತ್ರಿ ಮಲಗುವ ಮುಂಚೆ ಒಂದು ಸಲ, ಜುಂ ಇದೆಯಾ ನೋಡಿ. ಇಲ್ಲದಿದ್ದರೆ, ಅಥವಾ ನಿನ್ನೆಗಿಂತ ತುಂಬಾ ಕಡಿಮೆ ಅನಿಸಿದರೆ, ಆಗಲೇ ಈ ನಂಬರಿಗೆ ಫೋನ್ ಮಾಡಿ. ಮುಂದಿನ ಡಯಾಲಿಸಿಸ್ ದಿನದವರೆಗೆ ಕಾಯಬೇಡಿ. ನೋವಿಲ್ಲದಿದ್ದರೂ ಕಾಯಬೇಡಿ. ಭಾನುವಾರವಾದರೂ ಕಾಯಬೇಡಿ. ಫಿಸ್ಟುಲಾ ಇನ್ನೂ ಬಳಸುತ್ತಿಲ್ಲವಾದರೂ ಕಾಯಬೇಡಿ.’

ಉದ್ದವಾಯಿತು, ಒಪ್ಪುತ್ತೇನೆ. ಆದರೆ ಇಲ್ಲಿ ಒಂದೊಂದು ‘ಕಾಯಬೇಡಿ’ಗೂ ಒಂದೊಂದು ಮನೆಯ ನೆಪ ಕಟ್ಟಿದೆ. ಜಾಗ ಉಳಿಸಬೇಕಾದರೆ ಬೇರೆ ಕಡೆ ಉಳಿಸೋಣ. ‘ದಯವಿಟ್ಟು ಹಿಂಜರಿಯದೆ ನಮ್ಮನ್ನು ಸಂಪರ್ಕಿಸಲು ಕೋರಲಾಗಿದೆ’ ಅನ್ನುವ ಸಾಲು ತೆಗೆದುಹಾಕಿದರೆ ಇದಕ್ಕೆ ಜಾಗ ಸಿಗುತ್ತದೆ.

ಇನ್ನು ‘ಬೇಡ’ಗಳ ಪಟ್ಟಿ. ಇಂಗ್ಲಿಷ್ ಹಾಳೆಯಲ್ಲಿ ಮೇಲೆ ದಪ್ಪಕ್ಷರದಲ್ಲಿ ‘ಮಾಡಬಾರದ್ದು’ ಅಂತ ತಲೆಬರಹ, ಕೆಳಗೆ ಚುಕ್ಕಿ ಚುಕ್ಕಿಯಾಗಿ ಸಾಲುಗಳು. ಕನ್ನಡಕ್ಕೆ ಅದನ್ನೇ ಇಳಿಸಿದರೆ ‘ಭಾರ ಎತ್ತುವುದು’, ‘ಆ ಕೈಯಲ್ಲಿ ಬಿಪಿ ನೋಡುವುದು’ ಅಂತ ಬರುತ್ತದೆ. ಹಾಳೆ ಮಡಚಿ ಜೇಬಿನಲ್ಲಿಟ್ಟು, ನಡುವಿನಿಂದ ಓದಿದವರಿಗೆ ಇದು ಮಾಡಬೇಕಾದ ಕೆಲಸದ ಹಾಗೇ ಕೇಳುತ್ತದೆ. ಕನ್ನಡದಲ್ಲಿ ‘ಬೇಡ’ ಬರುವುದು ವಾಕ್ಯದ ಕೊನೆಗೆ. ಅದನ್ನು ಕಿತ್ತು ತಲೆಬರಹಕ್ಕೆ ಹಾಕಿದರೆ ವಾಕ್ಯಕ್ಕೆ ಬಾಲವೇ ಇಲ್ಲ. ಪ್ರತಿ ಸಾಲಿಗೂ ಅದರದ್ದೇ ‘ಬೇಡಿ’ ಇರಲಿ, ಎಷ್ಟು ಸಲ ಬಂದರೂ ಸರಿ.

ಇನ್ನೊಂದು ತೊಡಕು, ಈ ಬೇಡಗಳು ಯಾರಿಗೆ? ‘ಫಿಸ್ಟುಲಾ ಇರುವ ಕೈಯಲ್ಲಿ ಬಿಪಿ ನೋಡಬಾರದು, ರಕ್ತ ತೆಗೆಯಬಾರದು, ಡ್ರಿಪ್ ಹಾಕಬಾರದು.’ ನಮ್ಮ ರೈತರು ತಮ್ಮ ಕೈಯಿಂದ ತಾವೇ ರಕ್ತ ತೆಗೆದುಕೊಳ್ಳುವುದಿಲ್ಲವಲ್ಲ. ತೆಗೆಯುವವರು ಊರಿನ ಕ್ಲಿನಿಕ್‌ನಲ್ಲಿದ್ದಾರೆ, ಲ್ಯಾಬಿನಲ್ಲಿದ್ದಾರೆ, ಅವರು ಈ ಹಾಳೆ ಓದುವುದಿಲ್ಲ. ಹಾಗಾಗಿ ರೋಗಿಯ ಬಾಯಿಗೆ ಒಂದು ಮಾತು ಕೊಡಬೇಕು: ‘ಬಿಪಿ ನೋಡಲು, ರಕ್ತ ತೆಗೆಯಲು, ಇಂಜೆಕ್ಷನ್ ಕೊಡಲು ಯಾರು ಬಂದರೂ ಹೇಳಿ: ಈ ಕೈಯಲ್ಲಿ ಡಯಾಲಿಸಿಸ್ ಆಪರೇಷನ್ ಆಗಿದೆ, ಆ ಕೈ ನೋಡಿ.’ ಡಾಕ್ಟರಿಗೆ ಎದುರು ಮಾತಾಡುವುದು ಹೇಗೆ ಅಂತ ಹಿಂಜರಿಯುವವರೇ ಜಾಸ್ತಿ. ಹಾಳೆಯಲ್ಲಿ ಬರೆದಿದ್ದರೆ ಹಾಳೆ ತೋರಿಸಿಯಾದರೂ ಹೇಳುತ್ತಾರೆ.

‘ಬಿಗಿಯಾದ ಆಭರಣ ಮತ್ತು ಉಡುಪು ಧರಿಸಬೇಡಿ’ ಅನ್ನುವುದೂ ಹೀಗೇ. ಆಭರಣ ಅಂದರೆ ನಮ್ಮ ಜನಕ್ಕೆ ಸರ, ಓಲೆ. ಬೇಕಾಗಿರುವುದು ಬಳೆ, ವಾಚು, ದೇವಸ್ಥಾನದಲ್ಲಿ ಕಟ್ಟಿಸಿಕೊಂಡ ಕೈದಾರ. ಫಿಸ್ಟುಲಾ ಮೊಣಕೈ ಮೇಲೆ ಇದ್ದರೆ ರವಿಕೆಯ ತೋಳು. ನಮ್ಮ ರವಿಕೆಯ ತೋಳು ಬಿಗಿಯಾಗಿ ಮುಗಿಯುವುದು ಸರಿಯಾಗಿ ಅದೇ ಜಾಗದಲ್ಲಿ. ಮುತ್ತೈದೆಯರಿಗೆ ‘ಬಳೆ ತೆಗೆಯಿರಿ’ ಅಂದರೆ ತೆಗೆಯುವುದಿಲ್ಲ, ಅದು ಹಾಳೆ ಮುಟ್ಟಬಾರದ ಜಾಗ. ‘ಎಡಗೈಗೆ ಬೇಡ, ಬಲಗೈಗೆ ಎಷ್ಟು ಬೇಕಾದರೂ ಹಾಕಿಕೊಳ್ಳಿ’ ಅಂದರೆ ಒಪ್ಪುತ್ತಾರೆ. ‘ಭಾರ ಎತ್ತಬೇಡಿ’ ಅನ್ನುವಲ್ಲಿ ನೀರಿನ ಕೊಡ, ಹಾಲಿನ ಕ್ಯಾನು, ಮೂಟೆ ಅಂತಲೇ ಹೆಸರಿಡಿ. ಕೊಡವನ್ನು ಯಾರೂ ಭಾರ ಅಂತ ಲೆಕ್ಕ ಹಾಕುವುದಿಲ್ಲ, ದಿನಾ ಎತ್ತುವುದಲ್ಲವಾ.

ರಕ್ತ ಸೋರುವ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು, ಇಲ್ಲಿ ಓದಿ ಅರ್ಥಮಾಡಿಕೊಳ್ಳಲು ಪುರುಸೊತ್ತು ಇರುವುದಿಲ್ಲ. ಫಿಸ್ಟುಲಾ ಬಳಸಲು ಶುರುವಾದ ಮೇಲೆ, ಸೂಜಿ ಚುಚ್ಚಿದ ಜಾಗದಿಂದ ಮನೆಯಲ್ಲಿ ರಕ್ತ ಬರಬಹುದು. ಅದು ಸಾಮಾನ್ಯ ಗಾಯದ ಹಾಗಲ್ಲ, ಹೃದಯದ ರಭಸ ಅದರ ಹಿಂದೆ ಇರುತ್ತದೆ, ನಿಮಿಷಗಳಲ್ಲಿ ಮನುಷ್ಯ ಹೋಗಿಬಿಡಬಹುದು. ಕನ್ನಡ ಹಾಳೆಯೊಂದರಲ್ಲಿ ‘ರಕ್ತಸ್ರಾವದ ಸ್ಥಳದಲ್ಲಿ ನೇರ ಒತ್ತಡವನ್ನು ಹೇರಿ’ ಅಂತ ನೋಡಿದ್ದೇನೆ. ಒತ್ತಡ ಅಂದರೆ ಜನಕ್ಕೆ ಬಿಪಿ, ಇಲ್ಲವೇ ಟೆನ್ಷನ್. ಹೇರುವುದು ಅಂದರೆ ಮೂಟೆ.

ಇಂಥ ಹೊತ್ತಲ್ಲಿ ನಮ್ಮ ಮನೆಗಳಲ್ಲಿ ಏನು ಮಾಡುತ್ತಾರೆ? ಟವೆಲ್ ಸುತ್ತುತ್ತಾರೆ. ಗಾಯದ ಮೇಲ್ಗಡೆ ಬಟ್ಟೆ ಬಿಗಿಯಾಗಿ ಕಟ್ಟುತ್ತಾರೆ. ಅರಿಶಿನ ಇಲ್ಲವೇ ಕಾಫಿ ಪುಡಿ ಮೆತ್ತುತ್ತಾರೆ. ದಪ್ಪ ಟವೆಲ್ ಅಡಿಯಲ್ಲಿ ರಕ್ತ ಹರಿಯುತ್ತಲೇ ಇರುತ್ತದೆ, ಹೊರಗೆ ಕಾಣುವುದಿಲ್ಲ ಅಷ್ಟೆ. ಪುಡಿ ಹಾಕಿದರೆ ಸೋಂಕು. ಹಾಗಾಗಿ ನನ್ನ ಸಾಲುಗಳು ಇವು:

‘ರಕ್ತ ಬರುವ ತೂತಿನ ಮೇಲೆ ಎರಡು ಬೆರಳಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕೈ ಮೇಲೆತ್ತಿ. ಒಂದು ಮಡಿಕೆ ಶುಭ್ರ ಬಟ್ಟೆ ಸಾಕು, ಟವೆಲ್ ಸುತ್ತಬೇಡಿ. ಕೈಗೆ ಏನನ್ನೂ ಬಿಗಿದು ಕಟ್ಟಬೇಡಿ. ಅರಿಶಿನ, ಕಾಫಿ ಪುಡಿ ಹಾಕಬೇಡಿ. ಹತ್ತು ನಿಮಿಷ ಬೆರಳು ತೆಗೆಯಬೇಡಿ, ನಿಂತಿದೆಯಾ ಅಂತ ತೆಗೆದು ತೆಗೆದು ನೋಡಬೇಡಿ. ರಕ್ತ ಚಿಮ್ಮುತ್ತಿದ್ದರೆ, ಒಬ್ಬರು ಒತ್ತಿ ಹಿಡಿದಿರುವಾಗಲೇ ಇನ್ನೊಬ್ಬರು 108ಕ್ಕೆ ಫೋನ್ ಮಾಡಿ. ಒಬ್ಬರೇ ಇದ್ದರೆ ಒತ್ತಿ ಹಿಡಿದುಕೊಂಡೇ ಕೂಗಿ ಕರೆಯಿರಿ.’

ಅರಿಶಿನವೂ ಕಾಫಿ ಪುಡಿಯೂ ಮೂಲ ಹಾಳೆಯಲ್ಲಿ ಇಲ್ಲ. ಅನುವಾದಕರು ಹೀಗೆ ಸೇರಿಸಬಹುದಾ ಅಂತ ನೀವು ಕೇಳಬಹುದು. ತಾವಾಗಿ ಸೇರಿಸಬಾರದು. ಸೇರಿಸಬೇಕು ಅನಿಸಿದ್ದನ್ನು ಬೇರೆ ಬಣ್ಣದಲ್ಲಿ ಬರೆದು, ನೆಫ್ರಾಲಜಿ ಡಾಕ್ಟರಿಗೆ ತೋರಿಸಿ, ಅವರು ಒಪ್ಪಿದ ಮೇಲೆ ಹಾಕಬೇಕು. ನನ್ನ ಅನುಭವದಲ್ಲಿ ಡಾಕ್ಟರುಗಳು ಇಂಥದ್ದಕ್ಕೆ ಬೇಡ ಅನ್ನುವುದು ಕಡಿಮೆ, ಅವರೂ ಕಾಫಿ ಪುಡಿಯ ಕೈಗಳನ್ನು ನೋಡಿದವರೇ.

ರಕ್ತ ಬರುವ ಮುಂಚೆಯೇ ಸಿಗುವ ಸುಳಿವನ್ನೂ ಬರೆಯಬೇಕು. ಫಿಸ್ಟುಲಾ ಮೇಲಿನ ಚರ್ಮ ತೆಳುವಾಗಿ ಮಿಂಚುತ್ತಿದ್ದರೆ, ಸೂಜಿಯ ಜಾಗದ ಹಕ್ಕಳೆ ಉದುರದೆ ದೊಡ್ಡದಾಗುತ್ತಿದ್ದರೆ, ಕೆಂಪಾಗಿ ಬಿಸಿಯಾಗಿದ್ದರೆ, ಕೀವು ಕಂಡರೆ, ಅವತ್ತೇ ಹೇಳಬೇಕು. ಇಲ್ಲಿ ಊತ ಅಂತ ಬರೆಯುವಾಗ ಜೊತೆಗೆ ಬಾವು ಅಂತಲೂ ಸೇರಿಸಿ, ಉತ್ತರ ಕರ್ನಾಟಕದವರಿಗೆ ಅದೇ ಹತ್ತಿರ. ಹಕ್ಕಳೆ ಕೀಳಬೇಡಿ ಅಂತಲೂ ಹೇಳಿ. ತುರಿಕೆ ಬಂದಾಗ ಉಗುರು ತಾನಾಗಿ ಅಲ್ಲಿಗೇ ಹೋಗುತ್ತದೆ.

ಕುತ್ತಿಗೆಯ ಹಾಳೆಗೆ ಮತ್ತೆ ಬರುತ್ತೇನೆ. ‘ಕ್ಯಾತಿಟರ್ ಒಣಗಿರುವಂತೆ ಮತ್ತು ಸ್ವಚ್ಛವಾಗಿರುವಂತೆ ನೋಡಿಕೊಳ್ಳಿ.’ ಕೇಳಲು ಚೆನ್ನಾಗಿದೆ, ಆದರೆ ಅಪಾಯ. ಸ್ವಚ್ಛ ಮಾಡಿ ಅಂದರೆ ನಮ್ಮ ಹೆಣ್ಣುಮಕ್ಕಳು ನಿಜವಾಗಿಯೂ ಸ್ವಚ್ಛ ಮಾಡುತ್ತಾರೆ. ಬ್ಯಾಂಡೇಜ್ ಬಿಚ್ಚಿ, ಬಿಸಿನೀರಲ್ಲಿ ಒರೆಸಿ, ಪುಡಿ ಹಾಕಿ, ಹೊಸ ಬಟ್ಟೆ ಕಟ್ಟುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಈ ಲೈನಿನ ತುದಿ ಹೃದಯದ ಹತ್ತಿರದವರೆಗೆ ಹೋಗಿರುತ್ತದೆ, ಹೊರಗಿನ ಕೊಳೆಗೆ ಅದು ನೇರ ದಾರಿ. ಬರೆಯಬೇಕಾದದ್ದು: ‘ಬ್ಯಾಂಡೇಜ್ ಬಿಚ್ಚಬೇಡಿ. ಅದನ್ನು ಡಯಾಲಿಸಿಸ್ ಸಿಬ್ಬಂದಿ ಮಾತ್ರ ಬದಲಿಸುತ್ತಾರೆ. ಒದ್ದೆಯಾದರೆ ಅಥವಾ ಕಿತ್ತು ಬಂದರೆ ಫೋನ್ ಮಾಡಿ.’

ಸ್ನಾನದ ಸಾಲು ಇಂಗ್ಲಿಷಿನಲ್ಲಿ ಷವರ್ ಬೇಡ ಅನ್ನುತ್ತದೆ. ನಮ್ಮ ಹಳ್ಳಿ ಮನೆಯಲ್ಲಿ ಷವರ್ ಎಲ್ಲಿದೆ? ಬಕೆಟ್ಟು, ಚೊಂಬು. ‘ಷವರ್ ಬೇಡ ಅಂದಿದ್ದಾರೆ, ನಾವು ಚೊಂಬಲ್ಲಿ ಹಾಕಿಕೊಳ್ಳುತ್ತೇವೆ’ ಅಂತ ಒಬ್ಬರು ನನ್ನ ಹತ್ತಿರವೇ ಅಂದಿದ್ದರು. ‘ಸೊಂಟದಿಂದ ಕೆಳಗೆ ಚೊಂಬಿನಲ್ಲಿ ನೀರು ಹಾಕಿಕೊಳ್ಳಿ. ಮೇಲಿನ ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಿ. ತಲೆಗೆ ನೀರು ಹಾಕಿಕೊಳ್ಳಬೇಡಿ’ ಅಂದರೆ ಆಯಿತು. ಯುಗಾದಿ, ದೀಪಾವಳಿಯ ಎಣ್ಣೆ ಸ್ನಾನವನ್ನೂ ಹೆಸರಿಟ್ಟು ಹೇಳಿ. ವರ್ಷಕ್ಕೊಂದು ದಿನ ಪರವಾಗಿಲ್ಲ ಅನ್ನುವ ರಿಯಾಯಿತಿ ನಮ್ಮಲ್ಲಿ ತಾನಾಗಿ ಹುಟ್ಟಿಕೊಳ್ಳುತ್ತದೆ.

ಲೈನಿನ ತುದಿಯ ಮುಚ್ಚಳ ಬಿದ್ದುಹೋದರೆ ಅಥವಾ ಪೈಪು ಸೀಳಿದರೆ ಗಾಳಿ ಒಳಗೆ ಹೋಗಬಹುದು, ರಕ್ತ ಹೊರಗೆ ಬರಬಹುದು. ಪೈಪಿನ ಮೇಲಿರುವ ಕ್ಲಿಪ್ಪು ಒತ್ತಿ ಮುಚ್ಚಬೇಕು. ಕ್ಲಿಪ್ಪಿಗಿಂತ ಮೇಲೆ, ಮೈ ಕಡೆ ಸೀಳಿದ್ದರೆ, ಸೀಳಿದ ಜಾಗ ಮತ್ತು ಮೈಯ ನಡುವೆ ಪೈಪನ್ನು ಮಡಚಿ ಗಟ್ಟಿಯಾಗಿ ಹಿಡಿಯಬೇಕು, ಹಾಗೇ ಆಸ್ಪತ್ರೆಗೆ ಹೊರಡಬೇಕು. ಲೈನೇ ಪೂರ್ತಿ ಹೊರಗೆ ಬಂದರೆ ಆ ತೂತನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು, ಮಲಗಿಸಿ, 108 ಕರೆಯಬೇಕು. ಲೈನನ್ನು ವಾಪಸ್ ತುರುಕಬಾರದು. ಇದನ್ನು ಚಿತ್ರ ಇಲ್ಲದೆ ಹೇಳಲು ಆಗುವುದಿಲ್ಲ, ಪ್ರಯತ್ನವನ್ನೂ ಮಾಡಬೇಡಿ. ಚಿತ್ರ ಬರೆಸಿ.

ಜ್ವರದ ಸಾಲು. ಮೂಲದಲ್ಲಿ 38 ಡಿಗ್ರಿ ಸೆಲ್ಸಿಯಸ್ ಅಂತಿರುತ್ತದೆ. ನಮ್ಮಲ್ಲಿ ಜ್ವರ ಅಂದರೆ ‘ನೂರು, ನೂರಾ ಒಂದು’. 38 ಅಂದರೆ 100.4 ಫ್ಯಾರನ್‌ಹೀಟ್. ಥರ್ಮಾಮೀಟರ್ ಇಲ್ಲದ ಮನೆಗಳೂ ಇವೆ. ಇದ್ದರೂ ಡಯಾಲಿಸಿಸ್ ರೋಗಿಗಳಿಗೆ ಸೋಂಕಿದ್ದಾಗಲೂ ಜ್ವರ ಹೆಚ್ಚು ಏರದೆ ಇರಬಹುದು. ಅದಕ್ಕೆ ನನ್ನ ಸಾಲು: ‘ಮೈಗೆ ಚಳಿ ಹಿಡಿದರೆ, ಹೊದ್ದರೂ ಹೋಗದ ಚಳಿ ಬಂದರೆ, ಜ್ವರ ನೂರು ದಾಟಲಿ ಬಿಡಲಿ, ಆಗಲೇ ಆಸ್ಪತ್ರೆಗೆ ಹೊರಡಿ. ಅಂಗಡಿಯ ಜ್ವರದ ಮಾತ್ರೆ ನುಂಗಿ ಬೆಳಗಾಗಲಿ ಅಂತ ಕಾಯಬೇಡಿ. ಡಯಾಲಿಸಿಸ್ ನಡೆಯುವಾಗ ಚಳಿ ಬಂದರೆ ಸಿಬ್ಬಂದಿಗೆ ಕೂಡಲೇ ಹೇಳಿ.’ ಲೈನಿನೊಳಗೆ ಬೆಳೆದ ಸೋಂಕು ಮಷಿನ್ ಶುರುವಾದಾಗ ರಕ್ತದೊಳಗೆ ನುಗ್ಗುತ್ತದೆ, ಅದಕ್ಕೇ ಆಗ ಚಳಿ. ರೋಗಿಗಳು ಎಸಿ ಜಾಸ್ತಿಯಾಯಿತು ಅಂದುಕೊಂಡು ಕಂಬಳಿ ಕೇಳುತ್ತಾರೆ. ನೋಡಿ, ಇಡೀ ಸಾಲಿನಲ್ಲಿ ‘ನಡುಕ’ ಅನ್ನುವುದನ್ನು ತಂದೇ ಇಲ್ಲ. ಕೈ ಹಾಳೆಯಲ್ಲಿ ಜುಂ, ಕುತ್ತಿಗೆ ಹಾಳೆಯಲ್ಲಿ ಚಳಿ. ಎರಡೂ ಎಲ್ಲೂ ಮುಟ್ಟುವುದಿಲ್ಲ.

ಬರೆದಾದ ಮೇಲೆ ಪರೀಕ್ಷೆ. ‘ಅರ್ಥ ಆಯ್ತಾ?’ ಅಂತ ಕೇಳಬೇಡಿ, ಎಲ್ಲರೂ ‘ಆಯ್ತು ಸಾರ್’ ಅನ್ನುತ್ತಾರೆ. ನಮ್ಮ ರೈತರ ಸೊಸೆಯ ಕೈಗೆ ಹಾಳೆ ಕೊಟ್ಟು, ‘ಜೋರಾಗಿ ಓದಮ್ಮಾ, ಮಾವನಿಗೆ ಕೇಳಲಿ’ ಅನ್ನಿ. ಕಣ್ಣು ಮಂಜಾದವರ ಮನೆಯಲ್ಲಿ ಹಾಳೆ ಓದುವುದು ಅವರೇ, ಇಲ್ಲವೇ ಶಾಲೆಗೆ ಹೋಗುವ ಮಗು. ಎಲ್ಲಿ ತಡವರಿಸುತ್ತಾರೋ ಅಲ್ಲಿ ಗೆರೆ ಹಾಕಿ. ಆಮೇಲೆ ಕೇಳಿ: ‘ಭಾನುವಾರ ಬೆಳಿಗ್ಗೆ ಜುಂ ಇಲ್ಲ, ನೀವೇನು ಮಾಡುತ್ತೀರಿ?’ ‘ಮಂಗಳವಾರ ಹೇಳುತ್ತೀವಿ’ ಅಂದರೆ ತಿದ್ದಬೇಕಾದದ್ದು ಹಾಳೆಯನ್ನು, ಅವರನ್ನಲ್ಲ.

ಸಭೆಯಲ್ಲಿ ಮಂಗಳೂರಿನ ಕಡೆಯ ಸಿಸ್ಟರ್ ಒಬ್ಬರು ಕೇಳಿದರು: ನಮ್ಮಲ್ಲಿ ತುಳು, ಬ್ಯಾರಿ, ಕೊಂಕಣಿ ಮನೆಗಳು, ಅವರಿಗೆ ಏನು ಮಾಡುವುದು? ಹಾಳೆ ಕನ್ನಡದಲ್ಲಿದ್ದರೂ ಅದನ್ನು ಓದಿ ಮನೆಯ ಮಾತಿನಲ್ಲಿ ಹೇಳುವವರು ಇದ್ದೇ ಇರುತ್ತಾರೆ. ಸಾಲು ಚಿಕ್ಕದಿದ್ದು, ಒಂದು ಸಾಲಿನಲ್ಲಿ ಒಂದೇ ಕೆಲಸ ಇದ್ದರೆ ಅವರು ಬಾಯಲ್ಲೇ ತಿರುಗಿಸಿ ಹೇಳಬಲ್ಲರು. ಮೂರು ಕೆಲಸ ಒಂದೇ ವಾಕ್ಯದಲ್ಲಿ ಹೆಣೆದರೆ ನಡುವಿನದ್ದು ಬಿದ್ದುಹೋಗುತ್ತದೆ.

ಇನ್ನೊಬ್ಬರು ಫೋನ್ ನಂಬರಿನ ಬಗ್ಗೆ ಕೇಳಿದರು. ನಂಬರು ಹಾಳೆಯ ಮೇಲ್ತುದಿಯಲ್ಲಿ, ದೊಡ್ಡದಾಗಿ, 1, 2, 3 ಅಂಕಿಗಳಲ್ಲೇ ಇರಲಿ. ಕನ್ನಡ ಅಂಕಿ ನೋಡಿ ಈಗಿನ ಮಕ್ಕಳು ತಡಮಾಡುತ್ತಾರೆ. ಹಾಳೆ ಅಚ್ಚಿಗೆ ಕೊಡುವ ಮುಂಚೆ ರಾತ್ರಿ ಹನ್ನೊಂದಕ್ಕೆ ಒಮ್ಮೆ, ಭಾನುವಾರ ಮಧ್ಯಾಹ್ನ ಒಮ್ಮೆ ಆ ನಂಬರಿಗೆ ನೀವೇ ಫೋನ್ ಮಾಡಿ. ಯಾರೂ ಎತ್ತದಿದ್ದರೆ ಎತ್ತುವ ನಂಬರು ಸಿಗುವವರೆಗೆ ಅಚ್ಚು ನಿಲ್ಲಿಸಿ.

ಕೊನೆಗೆ, ಕೈಯ ಫಿಸ್ಟುಲಾ ಹದಕ್ಕೆ ಬಂದು ಕುತ್ತಿಗೆಯ ಲೈನ್ ತೆಗೆದ ದಿನ, ಕುತ್ತಿಗೆಯ ಹಾಳೆಯನ್ನು ವಾಪಸ್ ಕೇಳಿ ಇಸಿದುಕೊಳ್ಳಿ. ಇಲ್ಲದಿದ್ದರೆ ಮನೆಯವರು ತಲೆಸ್ನಾನ ಬೇಡ ಅನ್ನುವುದನ್ನು ವರ್ಷಗಟ್ಟಲೆ ಪಾಲಿಸುತ್ತಿರುತ್ತಾರೆ. ಅವತ್ತೇ ಕೈಗೆ ಸೂಜಿ ಹಾಕುವ ಕಾಲದ ಹೊಸ ಹಾಳೆ ಕೊಡಿ. ಅದರಲ್ಲಿ ಡಯಾಲಿಸಿಸ್‌ಗೆ ಮುಂಚೆ ಕೈಯನ್ನು ಸೋಪು ಹಾಕಿ ತೊಳೆಯುವುದು, ಸೂಜಿ ತೆಗೆದ ಮೇಲೆ ಎಷ್ಟು ಹೊತ್ತು ಒತ್ತಿ ಹಿಡಿಯಬೇಕು, ಪಟ್ಟಿಯನ್ನು ಯಾವಾಗ ಬಿಚ್ಚಬೇಕು ಅನ್ನುವುದು ಇರಲಿ. ಪಟ್ಟಿ ಬಿಗಿಯಾಗಿದ್ದು ರಾತ್ರಿಯಿಡೀ ಉಳಿದರೆ ಅದರಿಂದಲೇ ಜುಂ ನಿಲ್ಲಬಹುದು. ಹಾಗಾಗಿ ಪಟ್ಟಿ ಕಟ್ಟಿದ ಮೇಲೂ ಒಂದು ಸಲ ಬೆರಳಿಟ್ಟು ನೋಡಿ ಅಂತ ಅಲ್ಲೇ ಪಕ್ಕದಲ್ಲಿ ಬರೆಯಿರಿ.